ಸಣ್ಣಕಥೆ: 37ನೆಯ ಪತ್ರಿಕೆ (ಓದಿ, ತಪ್ಪಿದ್ದರೆ ತಿದ್ದಿ)

ಇರುಳುಬರಹ:

ಎಲ್ಲರಿಗೂ ನಮಸ್ಕಾರ. ಪೇಪರ್ ತಿದ್ದುವ ಟೀಚರೊಬ್ಬರ ಒಂದು ರಾತ್ರಿಯ ಬಗ್ಗೆ ಕಥೆ ಬರೆದಿದ್ದೇನೆ. ನಾನು ಟೀಚರಲ್ಲ, ನನ್ನಕ್ಕ ಟೀಚರ್. ಮನೆಯವರೆಲ್ಲ ಮಲಗಿದ ಮೇಲೆ ಅವಳು ಬಂಡಲ್ ಮುಂದಿಟ್ಟುಕೊಂಡು ಕೂರುವುದನ್ನು ಎಷ್ಟೋ ವರ್ಷ ನೋಡಿದ್ದೇನೆ. ನನಗಿರುವ ಅನುಮಾನ ಎರಡು. ತಿದ್ದುವ ವಿವರಗಳು ನಂಬುವ ಹಾಗಿವೆಯಾ? ಕೊನೆ ಕೂತಿದೆಯಾ? ಇಲ್ಲಿ ಟೀಚರುಗಳು ಬಹಳ ಮಂದಿ ಇದ್ದೀರಿ, ಮುಲಾಜಿಲ್ಲದೆ ಹೇಳಿ.

*

ರಾತ್ರಿ ಒಂಬತ್ತಕ್ಕೆ ವಿಮಲಾ ಬಂಡಲಿನ ದಾರ ಬಿಚ್ಚಿದಾಗ 42 ಪತ್ರಿಕೆಗಳಿದ್ದವು. ಬೆಳಗ್ಗೆ ಅಂಕಪಟ್ಟಿ ಕೊಡಬೇಕು. ಒಂದಕ್ಕೆ ಆರು ನಿಮಿಷ ಅಂದರೂ ಮುಗಿಯುವಾಗ ರಾತ್ರಿ ಒಂದು ಗಂಟೆ ದಾಟುತ್ತದೆ ಎಂದು ಮನಸ್ಸಲ್ಲೇ ಲೆಕ್ಕ ಹಾಕಿ, ಮೊದಲನೆಯದನ್ನು ಎಳೆದುಕೊಂಡಳು.

ಐದನೆಯ ಪ್ರಶ್ನೆ ಅವಳೇ ಇಷ್ಟಪಟ್ಟು ಹಾಕಿದ್ದು. ಗಾಳಿ ಬೀಸುವಾಗ ಒದ್ದೆ ಬಟ್ಟೆ ಬೇಗ ಒಣಗುವುದೇಕೆ? ಒಣಗುತ್ತಿರುವ ಬಟ್ಟೆ ಮುಟ್ಟಿದರೆ ತಣ್ಣಗಿರುವುದೇಕೆ? ನಾಲ್ಕು ಅಂಕ. ಹಳೆಯ ಲಕೋಟೆಯ ಹಿಂದೆ ನಾಲ್ಕು ಮಾತು ಬರೆದಿಟ್ಟುಕೊಂಡಿದ್ದಳು. ನೀರು ಆವಿಯಾಗುತ್ತದೆ. ಬಟ್ಟೆಯ ಹತ್ತಿರ ತುಂಬಿಕೊಂಡ ಆವಿಯನ್ನು ಗಾಳಿ ಒಯ್ಯುತ್ತದೆ. ಅದರಿಂದ ಇನ್ನಷ್ಟು ನೀರು ಆವಿಯಾಗಲು ಅನುವಾಗುತ್ತದೆ. ಆವಿಯಾಗುವ ನೀರು ಬಟ್ಟೆಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಒಂದೊಂದಕ್ಕೆ ಒಂದು.

ಮೊದಲ ಹತ್ತು ಪತ್ರಿಕೆಗಳವರೆಗೆ ಲಕೋಟೆ ಕಣ್ಣೆದುರೇ ಇತ್ತು. ಪ್ರತಿ ಉತ್ತರವನ್ನೂ ಅದರ ಪಕ್ಕ ಇಟ್ಟು ನೋಡಿದಳು. 12ನೆಯದರ ಹೊತ್ತಿಗೆ ಅದು ಬಾಯಿಪಾಠವಾಯಿತು. 20ರ ಹೊತ್ತಿಗೆ ತಿದ್ದಿದ ಪತ್ರಿಕೆಗಳ ರಾಶಿಯಡಿ ಸೇರಿಹೋಯಿತು, ಅವಳು ಹುಡುಕಲಿಲ್ಲ.

ಹನ್ನೆರಡೂವರೆಗೆ ಕೈಗೆ ಬಂದದ್ದು 36. ಹೆಸರು ನೋಡುವ ಅಗತ್ಯವೇ ಇರಲಿಲ್ಲ. ಗೆರೆ ಎಳೆದಂಥ ಅಕ್ಷರ, ಎಡಕ್ಕೆ ಸಮನಾಗಿ ಬಿಟ್ಟ ಅಂಚು, ಮುಖ್ಯ ಪದಗಳ ಕೆಳಗೆ ಅಡಿಗೆರೆ. ಪಾಠ ಕೇಳುವಾಗ ತಲೆಯಾಡಿಸುವ ಹುಡುಗಿ. ಇಡೀ ರಾತ್ರಿಯಲ್ಲಿ ಮೊದಲ ಸಲ ವಿಮಲಾಳ ಭುಜ ಸ್ವಲ್ಪ ಸಡಿಲವಾಯಿತು. ಐದನೆಯದಕ್ಕೆ ನಾಲ್ಕು. ಒಟ್ಟು 40ಕ್ಕೆ 37.

ಮುಂದಿನದು 37. ಅಕ್ಷರಗಳು ಗೆರೆ ಬಿಟ್ಟು ಇಳಿದಿದ್ದವು. ಎರಡು ಕಡೆ ಹೊಡೆದುಹಾಕಿ ಮೇಲೆ ಬರೆದಿದ್ದ. ಅಂದು ಬೆಳಗ್ಗೆಯೇ ಆ ಹುಡುಗನನ್ನು ತರಗತಿಯಲ್ಲಿ ಎರಡು ಸಲ ಎಬ್ಬಿಸಿ ನಿಲ್ಲಿಸಿದ್ದಳು. ಐದನೆಯ ಪ್ರಶ್ನೆಯ ಉತ್ತರದ ಮೇಲೆ ಕಣ್ಣು ಹಾಯಿಸಿ, ಅರ್ಧಂಬರ್ಧ ಎಂದುಕೊಂಡು ಎರಡು ಹಾಕಿದಳು.

ಪುಟ ಮಗುಚುವಾಗ ಪಕ್ಕದಲ್ಲಿದ್ದ 36ರ ಹಾಳೆ ಫ್ಯಾನ್ ಗಾಳಿಗೆ ತೆರೆದುಕೊಂಡಿತು. ಎರಡು ಉತ್ತರಗಳು ಅಕ್ಕಪಕ್ಕ ಬಿದ್ದವು.

36: "ಗಾಳಿ ಬೀಸುವಾಗ ಆವಿಯಾಗುವಿಕೆ ಹೆಚ್ಚುತ್ತದೆ. ಆದ್ದರಿಂದ ಬಟ್ಟೆಯು ಬೇಗನೆ ಒಣಗುತ್ತದೆ. ಆವಿಯಾಗುವಿಕೆಯಿಂದ ಬಟ್ಟೆಯು ತಣ್ಣಗಾಗುತ್ತದೆ."

37: "ಗಾಳಿ ಬಂದು ಬಟ್ಟೆ ಹತ್ರ ಇರೋ ನೀರಿನ ಆವಿನ ತಳ್ಕೊಂಡು ಹೋಗುತ್ತೆ. ಆಗ ಇನ್ನೂ ನೀರು ಹೋಗಕ್ಕೆ ಜಾಗ ಆಗುತ್ತೆ. ನೀರು ಹೋಗುವಾಗ ಬಟ್ಟೇಲಿರೋ ಬಿಸಿನೂ ತಗೊಂಡು ಹೋಗುತ್ತೆ ಅದಕ್ಕೆ ತಣ್ಣಗೆ."

ವಿಮಲಾ ಎರಡನ್ನೂ ಮತ್ತೊಮ್ಮೆ ಓದಿದಳು. ಹುಡುಗಿ ಏಕೆ ಎಂಬುದನ್ನು ಎಲ್ಲೂ ಹೇಳಿರಲಿಲ್ಲ. ಹುಡುಗ ಏಕೆ ಎಂಬುದನ್ನು ಬಿಟ್ಟು ಬೇರೇನನ್ನೂ ಹೇಳಿರಲಿಲ್ಲ. ಹುಡುಗಿ ಬರೆಯದೆ ಬಿಟ್ಟ ಎರಡು ಮಾತನ್ನು ತಾನೇ ಅವಳ ಪರವಾಗಿ ಓದಿಕೊಂಡಿದ್ದಳು. ಹುಡುಗ ಬರೆದದ್ದನ್ನು ಓದಿಯೇ ಇರಲಿಲ್ಲ.

ಕೆಂಪು ಪೆನ್ನಿನಿಂದ ಎರಡನ್ನು ಹೊಡೆದು ನಾಲ್ಕು ಎಂದು ಬರೆದಳು. ಕಣ್ಣಿಂದ ಒಂದು ಹನಿ ಅಂಕದ ಮೇಲೆ ಬಿದ್ದು ಕೆಂಪು ಹರಡಿತು. ಉಳಿದ ಐದು ಪತ್ರಿಕೆ ಮುಗಿಸಿ ದೀಪ ಆರಿಸಿದಳು. ಅಂದು ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

*

ಸಾಲುಗಳ ನಡುವೆ:

ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟಿದ್ದೀರಲ್ಲ, ಅಲ್ಲಿ ನಾನೂ ನಿಂತು ಎರಡು ಸಲ ಓದಿದೆ. ಮೊದಲ ಓದಿಗೆ ನನಗೂ 36ರದ್ದೇ ಸರಿಯಾದ ಉತ್ತರ ಅನಿಸಿತ್ತು! "ಬೀಸುವಾಗ", "ಆದ್ದರಿಂದ", "ಆವಿಯಾಗುವಿಕೆ" ಅಂತ ಪುಸ್ತಕದ ಭಾಷೆ ಕಂಡ ತಕ್ಷಣ ನಂಬಿಬಿಟ್ಟೆ. ವಿಮಲಾಳಿಗೆ ಆದದ್ದು ಓದುಗರಿಗೂ ಆಗುತ್ತದೆ. ಇದು ಕಥೆಯ ಶಕ್ತಿ.

ಆದರೆ ಕೊನೆ ನನಗೆ ಒಪ್ಪಿಗೆಯಾಗಲಿಲ್ಲ. ಕಣ್ಣೀರು ಬಿತ್ತು, ಅಂಕ ಏರಿತು, ನಿದ್ದೆ ಬಂತು. ಇಷ್ಟು ಹೊತ್ತು ಕಷ್ಟಪಟ್ಟು ಕಟ್ಟಿದ್ದನ್ನು ಒಂದು ಹನಿಯಲ್ಲಿ ಕರಗಿಸಿಬಿಟ್ಟಿರಿ ಅನಿಸಿತು. ಏನು ತಪ್ಪಿದೆ ಅಂತ ಸ್ಪಷ್ಟವಾಗಿ ಹೇಳಲು ಬರುತ್ತಿಲ್ಲ, ಟೀಚರುಗಳು ಹೇಳಲಿ.

ಮನೆಪಾಠದಮ್ಮ:

ಇದು ತುಂಬಾ ಅನ್ಯಾಯ ಕಣ್ರೀ. ನಿಮ್ಮ ಅಕ್ಕನಿಗೆ ಹೇಳಿ, ಆ ಹುಡುಗನ ತಂದೆ ತಾಯಿಯನ್ನು ಕರೆಸಿ ಮಾತಾಡಬೇಕು. ನನ್ನ ಮಗಳಿಗೂ ಹೋದ ಪರೀಕ್ಷೆಯಲ್ಲಿ ಇದೇ ಥರ ಆಯಿತು. ಅಂಕ ಕೂಡುವಾಗ ಹಿಂದಿನ ಪುಟದ ಮೂರು ಅಂಕ ಸೇರಿಸಿರಲಿಲ್ಲ. ನಾವು ಕೇಳಿದ ಮೇಲೆ ಸರಿ ಮಾಡಿದರು. ಆ ಹುಡುಗನ ಮನೆಯವರು ಮರು ಎಣಿಕೆಗೆ ಹಾಕಬಹುದಾ?

ಇರುಳುಬರಹ:

ಅಕ್ಕಾ, ಇದು ಕಥೆ. ಹುಡುಗನೂ ಕಲ್ಪನೆ, ವಿಮಲಾಳೂ ಕಲ್ಪನೆ. ನಿಮ್ಮ ಮಗಳಿಗೆ ಅಂಕ ಸಿಕ್ಕಿದ್ದು ಕೇಳಿ ಸಮಾಧಾನವಾಯಿತು.

ಮನೆಪಾಠದಮ್ಮ:

ಓ, ನಿಜ ಅಂದುಕೊಂಡೆ. ಓದುವಾಗ ಅಷ್ಟು ಹೊಟ್ಟೆಗೆ ತಾಗಿತು. ಆದರೂ ಒಂದು ಮಾತು. ನನ್ನ ಮಗಳದ್ದು ಕೂಡುವ ತಪ್ಪು, ಹಾಗಾಗಿ ನಮಗೆ ಕಂಡಿತು, ಕೇಳಿದೆವು. ಈ ಹುಡುಗನದ್ದನ್ನು ಎಣಿಸಿ ನೋಡಿದರೆ ಟೋಟಲ್ ಸರಿಯಾಗಿಯೇ ಇರುತ್ತದಲ್ಲ. ಅವನ ಮನೆಯವರಿಗೆ ಗೊತ್ತಾಗುವುದು ಹೇಗೆ?

ಹೊಸ ಟೀಚರ್:

ಇದಕ್ಕೆ ಸುಲಭ ದಾರಿ ಇದೆ. ಹೆಸರು ಮುಚ್ಚಿ ತಿದ್ದಬೇಕು. ನಾನು ಮೊದಲ ಪುಟವನ್ನು ಹಿಂದಕ್ಕೆ ಮಡಚಿಟ್ಟೇ ತಿದ್ದುತ್ತೇನೆ. ಯಾರದು ಅಂತ ಗೊತ್ತಿಲ್ಲದಿದ್ದರೆ ಪಕ್ಷಪಾತದ ಪ್ರಶ್ನೆಯೇ ಬರುವುದಿಲ್ಲ. ವಿಮಲಾ ಮೇಡಂ ಇಷ್ಟು ಮಾಡಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಗಣಿತದ ಮೇಡಂ:

@ಹೊಸ ಟೀಚರ್, ಒಂದು ವರ್ಷ ಪಾಠ ಮಾಡಿದ ಮೇಲೆ ಹೆಸರು ಮುಚ್ಚಿದರೂ ಅಕ್ಷರ ಮುಚ್ಚಲಾಗುವುದಿಲ್ಲಮ್ಮ. ಕಥೆಯಲ್ಲೇ ಇದೆ ನೋಡಿ, "ಹೆಸರು ನೋಡುವ ಅಗತ್ಯವೇ ಇರಲಿಲ್ಲ". ಪರಿಚಯವಿಲ್ಲದ ಮಕ್ಕಳದ್ದಾದರೂ ದುಂಡಗಿನ ಅಕ್ಷರ ಓದುವುದು ಸಲೀಸು, ಕೆಟ್ಟ ಅಕ್ಷರ ಓದುವುದು ಕೆಲಸ. ನಡುರಾತ್ರಿಯಲ್ಲಿ ಆ ಕೆಲಸ ಮಾಡುವ ತ್ರಾಣ ಇರುವುದಿಲ್ಲ. ಹೆಸರು ಮುಚ್ಚುವುದು ಒಳ್ಳೆಯದೇ, ಬಿಡಬೇಡಿ. ಆದರೆ ಅದರಿಂದ ನಿಲ್ಲುವುದು ಸ್ವಲ್ಪ ಭಾಗ ಮಾತ್ರ.

ನನ್ನ ವಿಷಯದಲ್ಲೂ ಇದೇ ಗತಿ. ಗಣಿತದಲ್ಲಿ ಉತ್ತರ ಒಂದೇ, ಅನ್ಯಾಯ ಎಲ್ಲಿಂದ ಬರಬೇಕು ಅಂತ ಜನ ಹೇಳುತ್ತಾರೆ. ಆಯತದ ಸುತ್ತಳತೆ 36, ಉದ್ದ ಅಗಲದ ಎರಡರಷ್ಟು, ವಿಸ್ತೀರ್ಣ ಎಷ್ಟು ಅಂತ ಕೇಳಿದ್ದೆ. ಅಗಲ 6, ಉದ್ದ 12, ವಿಸ್ತೀರ್ಣ 72. ಒಬ್ಬ ಹುಡುಗ ಉದ್ದವನ್ನೂ ಅಗಲವನ್ನೂ ಒಂದೊಂದೇ ಸಲ ಕೂಡಿ ಅದೇ 36 ಅಂದುಕೊಂಡಿದ್ದ, ಎರಡರಿಂದ ಗುಣಿಸುವುದು ಮರೆತಿತ್ತು. ಅಗಲ 12, ಉದ್ದ 24, ವಿಸ್ತೀರ್ಣ 288 ಬಂತು. ಆ ಒಂದು ಕಡೆ ಎಡವಿದ್ದು ಬಿಟ್ಟರೆ ಮುಂದಿನ ಪ್ರತಿ ಸಾಲೂ ಸರಿ. ನಾಲ್ಕಕ್ಕೆ ಮೂರು ಸಿಗಬೇಕಾದ ಉತ್ತರ. ದಣಿದಿದ್ದೆ, ಕೆಳಗೆ 288 ಕಂಡಿತು, ಸೊನ್ನೆ ಸುತ್ತಿದೆ. ಮರುದಿನ ಪತ್ರಿಕೆ ಹಂಚಿದಾಗ ಅವನು ಬಂದು ಕೇಳಲೂ ಇಲ್ಲ. ಪಕ್ಕದಲ್ಲಿದ್ದ ಹುಡುಗಿ ಅದೇ ತಪ್ಪು ಮಾಡಿ ಮೂರು ಪಡೆದಿದ್ದಳು, ಅವಳೇ ಎದ್ದು ನಿಂತು, "ಮಿಸ್, ಇವನದ್ದೂ ನನ್ನ ಥರಾನೇ ಇದೆ" ಅಂದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ನಿವೃತ್ತ ಮೇಷ್ಟ್ರು:

ಕಥೆ ಓದಿದೆ. ಬರೆದವರಿಗೆ ಕಣ್ಣು ಸೂಕ್ಷ್ಮವಾಗಿದೆ. ಲಕೋಟೆ ರಾಶಿಯಡಿ ಸೇರಿಹೋಗುವ ಸಾಲು ಟೀಚರಲ್ಲದವರು ಬರೆದದ್ದು ಅಂದರೆ ಆಶ್ಚರ್ಯ. ಕೆಡುವುದು ಅಲ್ಲಿಂದಲೇ. ಮಾದರಿ ಉತ್ತರ ಬಾಯಿಪಾಠವಾಯಿತು ಅಂದುಕೊಂಡ ಗಳಿಗೆಯಿಂದ ನಾವು ಅದಕ್ಕೆ ಹೋಲಿಸುವುದನ್ನು ಬಿಟ್ಟು, ಹಿಂದಿನ ಪತ್ರಿಕೆಗೆ ಹೋಲಿಸಲು ಶುರು ಮಾಡುತ್ತೇವೆ. 36ರ ಬೆನ್ನಿಗೆ ಬಂದದ್ದೇ 37ರ ದುರದೃಷ್ಟ. ಅದೇ ಪತ್ರಿಕೆ ಏನೂ ಬರೆಯದವನೊಬ್ಬನ ಹಿಂದೆ ಬಂದಿದ್ದರೆ ವಿಮಲಾ ಖುಷಿಯಿಂದ ಮೂರು ಹಾಕುತ್ತಿದ್ದಳು.

ಈಗ ಕೊನೆಯ ವಿಷಯ. ಅವಳು 37ಕ್ಕೆ ನಾಲ್ಕು ಕೊಟ್ಟಳು, ಸರಿ. 36ರ ನಾಲ್ಕು ಹಾಗೇ ಉಳಿಯಿತಲ್ಲ? ಅವಳ ಲಕೋಟೆಯ ಪ್ರಕಾರವೇ ನೋಡಿದರೆ ಆ ಹುಡುಗಿಗೆ ಬರಬೇಕಾದದ್ದು ಒಂದೂವರೆ. ಆವಿಯಾಗುವಿಕೆ ಅಂದದ್ದಕ್ಕೆ ಒಂದು, ತಣ್ಣಗಾಗುವುದನ್ನು ಆವಿಯಾಗುವಿಕೆಗೆ ಜೋಡಿಸಿದ್ದಕ್ಕೆ ಅರ್ಧ. ಇನ್ನು 12ನೆಯ ಪತ್ರಿಕೆಯನ್ನೋ 19ನೆಯದನ್ನೋ ಯೋಚಿಸಿ. ಹುಡುಗಿಯ ಉತ್ತರವನ್ನೇ ಸಾಧಾರಣ ಅಕ್ಷರದಲ್ಲಿ ಬರೆದ ಇನ್ನೊಂದು ಮಗು ಅಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಲಕೋಟೆಯ ಲೆಕ್ಕದಲ್ಲೇ ಒಂದೂವರೆ ಕೊಟ್ಟಿರುತ್ತಾಳೆ. ಕಣ್ಣಿಗೆ ಬಿದ್ದ ಮಗುವಿಗೆ ಮಾತ್ರ ಸರಿಪಡಿಸಿ ಮಲಗಿದರೆ ಉಳಿದ ಮಕ್ಕಳ ಪಾಲಿಗೆ ಇನ್ನೊಂದು ಪಕ್ಷಪಾತ ಸೇರಿತು ಅಷ್ಟೆ. ಅವಳಿಗೆ ಒಳ್ಳೆಯ ನಿದ್ದೆ ಬಂತು ಅನ್ನುವುದನ್ನು ನಾನು ನಂಬಲಾರೆ.

ಸಾಲುಗಳ ನಡುವೆ:

ಮೇಷ್ಟ್ರೇ, ನನಗೆ ಹೇಳಲು ಬಾರದೆ ಇದ್ದದ್ದು ಇದೇ! 36 ಹಾಗೇ ಉಳಿಯಿತು ಅನ್ನುವುದು. ಸಿಟ್ಟಿನಿಂದ ಅಂಕ ಕಡಿಮೆ ಮಾಡಿದ್ದನ್ನು ಕಥೆ ಹಿಡಿಯಿತು. ಪ್ರೀತಿಯಿಂದ ಜಾಸ್ತಿ ಕೊಟ್ಟದ್ದನ್ನು ಹಿಡಿದು ಕೈಬಿಟ್ಟಿತು.

ಹಿಂದಿನ ಬೆಂಚು:

ನಾನು ಟೀಚರಲ್ಲ, 37ರ ಕಡೆಯವನು. ನನ್ನ ಅಕ್ಷರ ಈಗಲೂ ಹಾಗೇ. ಒಂದು ಸಲ ನನ್ನದೇ ಉತ್ತರವನ್ನು ಗೆಳೆಯ ನೋಡಿ ಬರೆದ. ಅವನಿಗೆ ಐದಕ್ಕೆ ನಾಲ್ಕೂವರೆ, ನನಗೆ ಎರಡೂವರೆ. ಕೇಳಲು ಹೋದರೆ ಅವನು ನಕಲು ಮಾಡಿದ್ದು ಹೊರಗೆ ಬರುತ್ತದೆ ಅಂತ ಸುಮ್ಮನಿದ್ದೆ. ಅಂಕ ಹೋದದ್ದಕ್ಕಿಂತ, ಅದಾದ ಮೇಲೆ ನಾನು ಬರೆಯುವುದನ್ನೇ ಕಡಿಮೆ ಮಾಡಿದೆ ನೋಡಿ, ಅದು ಈಗ ನೋಯುತ್ತದೆ. ಹೇಗಿದ್ದರೂ ಎರಡೂವರೆ ಬರುತ್ತದೆ ಅಂತ ಮೂರು ಸಾಲಿಗೆ ನಿಲ್ಲಿಸುತ್ತಿದ್ದೆ. ಕಥೆಯಲ್ಲಿ ಆ ಹುಡುಗ ಇನ್ನೂ ಇಷ್ಟು ಬರೆಯುತ್ತಿದ್ದಾನಲ್ಲ, ಅದನ್ನು ಓದಿ ಸಂತೋಷವಾಯಿತು.

ಮೇಷ್ಟ್ರಿಗೆ ಒಂದು ಪ್ರಶ್ನೆ. ದಣಿದ ಟೀಚರ್ ಬಿಗಿಯಾಗುತ್ತಾರಾ, ಸಡಿಲವಾಗುತ್ತಾರಾ? ನಮ್ಮಲ್ಲಿ ಕೊನೆಯ ಕ್ರಮಸಂಖ್ಯೆಯವರಿಗೆ ಧಾರಾಳ ಅಂತ ಮಾತಿತ್ತು.

ನಿವೃತ್ತ ಮೇಷ್ಟ್ರು:

ಎರಡೂ ಆಗುತ್ತದಪ್ಪ, ಮನುಷ್ಯರ ಮೇಲೆ ಹೋಗುತ್ತದೆ. ನಾನು ಬಿಗಿಯಾಗುತ್ತಿದ್ದೆ. ಜೊತೆಯಲ್ಲಿ ತಿದ್ದುತ್ತಿದ್ದವರೊಬ್ಬರು ಹನ್ನೊಂದು ದಾಟಿದರೆ ಕರ್ಣನಾಗುತ್ತಿದ್ದರು. ಆದರೆ ನಾನು ಹೆಚ್ಚಾಗಿ ಕಂಡದ್ದು ಮೂರನೆಯ ಬಗೆ, ಅದು ಸುಲಭಕ್ಕೆ ಕಾಣುವುದಿಲ್ಲ. ಕೈ ನಡುವಿನ ಅಂಕಕ್ಕೆ ಅಂಟಿಕೊಳ್ಳುತ್ತದೆ. ನಾಲ್ಕು ಕೊಡಬೇಕಾದರೆ ಉತ್ತರ ಪೂರ್ತಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸೊನ್ನೆ ಕೊಡಬೇಕಾದರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಎರಡಕ್ಕೂ ಇಡೀ ಉತ್ತರ ಓದಬೇಕು. ಎರಡು, ಎರಡೂವರೆ ಹಾಕಲು ಓದಲೇಬೇಕಿಲ್ಲ. ವಿಮಲಾ 37ಕ್ಕೆ ಎರಡು ಹಾಕಿದ್ದು ಸಿಟ್ಟಿಗಿಂತ ಹೆಚ್ಚಾಗಿ ಇದರಿಂದ ಅಂತ ನನ್ನ ಊಹೆ. "ಅರ್ಧಂಬರ್ಧ ಎಂದುಕೊಂಡು" ಅಂತ ನೀವೇ ಬರೆದಿದ್ದೀರಲ್ಲ.

ಇದನ್ನು ಹಿಡಿಯಲು ನನ್ನ ಹತ್ತಿರ ಒಂದು ಉಪಾಯ ಇತ್ತು. ಒಂದು ಪ್ರಶ್ನೆಗೆ ಕೊಟ್ಟ ಅಂಕಗಳನ್ನು ತಿದ್ದಿದ ಅನುಕ್ರಮದಲ್ಲೇ ಒಂದು ಚೀಟಿಯಲ್ಲಿ ಸಾಲಾಗಿ ಬರೆಯುತ್ತಾ ಹೋಗುವುದು. 4, 1, 3, 0, 2, 4, 1 ಅಂತ ಹೋಗುತ್ತಿದ್ದದ್ದು ಒಂದು ಕಡೆಯಿಂದ 2, 2½, 2, 2, 2½ ಅಂತ ಆಗಿಬಿಟ್ಟಿದ್ದರೆ ಮಕ್ಕಳು ಬದಲಾಗಿಲ್ಲ, ನಾನು ಓದುವುದು ನಿಲ್ಲಿಸಿದ್ದೇನೆ ಅಂತ ಅರ್ಥ. ಅಲ್ಲಿಗೆ ಪೆನ್ನು ಮುಚ್ಚಿ ಎದ್ದುಬಿಡಬೇಕು. ಮಾರನೆಯ ದಿನ ಆ ಜಾಗದಿಂದ ಮತ್ತೆ. ಒಂದು ಎಚ್ಚರಿಕೆ ಏನೆಂದರೆ, ಪತ್ರಿಕೆಗಳು ಯಾವುದೋ ಕ್ರಮದಲ್ಲಿ ಜೋಡಿಸಿದ್ದರೆ, ಒಂದೇ ಮಟ್ಟದ ಮಕ್ಕಳು ನಿಜವಾಗಿಯೇ ಒಟ್ಟಿಗೆ ಬಂದಿರಬಹುದು. ಅದಕ್ಕೆ ತಿದ್ದುವ ಮುಂಚೆ ಬಂಡಲನ್ನು ಕಲಸಿಬಿಡಬೇಕು.

ಹೊಸ ಟೀಚರ್:

ಸರ್, ನಾನು ಹೆಸರು ಮುಚ್ಚಿದರೆ ಸಾಕು ಅಂದದ್ದು ಪೂರ್ತಿ ಸರಿಯಲ್ಲ ಅಂತ ಒಪ್ಪುತ್ತೇನೆ. ಆದರೆ ವಿಮಲಾ ಏನು ಮಾಡಬೇಕಿತ್ತು? ಒಂದು ಗಂಟೆ ರಾತ್ರಿ, ಬೆಳಗ್ಗೆ ಪಟ್ಟಿ ಕೊಡಬೇಕು. ಪೆನ್ನು ಮುಚ್ಚಿ ಏಳುವ ಅವಕಾಶ ಅವಳಿಗಿಲ್ಲ. ನನಗೂ ಇರುವುದಿಲ್ಲ.

ನಿವೃತ್ತ ಮೇಷ್ಟ್ರು:

ಪ್ರಶ್ನೆ ಸರಿಯಾದದ್ದೇ ಕೇಳಿದಿರಿ. ಒಂಬತ್ತು ಗಂಟೆಗೇ ಅವಳು ಬೇರೆ ರೀತಿ ಶುರು ಮಾಡಬೇಕಿತ್ತು. ಒಂದು ಪತ್ರಿಕೆ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವ ಬದಲು 42 ಪತ್ರಿಕೆಗಳ ಒಂದನೆಯ ಪ್ರಶ್ನೆ ಮೊದಲು, ಆಮೇಲೆ 42ರ ಎರಡನೆಯದು, ಹೀಗೆ. ಐದನೆಯ ಪ್ರಶ್ನೆ ಬಂದಾಗ ಅದರ ನಾಲ್ಕು ಮಾತು ಮಾತ್ರ ತಲೆಯಲ್ಲಿರುತ್ತದೆ. ಒಂದಕ್ಕೆ ಒಂದು ನಿಮಿಷದಂತೆ ಮುಕ್ಕಾಲು ಗಂಟೆಯೊಳಗೆ ಎಲ್ಲ ಮಕ್ಕಳ ಉತ್ತರವೂ ಒಂದೇ ತಲೆ, ಒಂದೇ ದಣಿವಿನಲ್ಲಿ ಮುಗಿಯುತ್ತದೆ. ಒಟ್ಟು ಸಮಯ ಹೆಚ್ಚೇನೂ ಆಗುವುದಿಲ್ಲ, ಪುಟ ಮಗುಚುವ ಕೆಲಸ ಮಾತ್ರ ಜಾಸ್ತಿ. ಇನ್ನೊಂದು ಲಾಭ, ಮೊದಲ ನಾಲ್ಕು ಉತ್ತರ ಚೆನ್ನಾಗಿ ಬರೆದ ಹುಡುಗಿಯ ಐದನೆಯದನ್ನು ಆ ಗುಂಗಿನಲ್ಲೇ ಓದುವುದು ತಪ್ಪುತ್ತದೆ.

ಈ ಗುಂಗಿನ ವಿಷಯ ಹೊಸದೇನಲ್ಲ. 1920ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿ ಬರೆದಿದ್ದರು. ಮೈಕಟ್ಟಿಗೆ ಒಳ್ಳೆಯ ಅಂಕ ಪಡೆದವನಿಗೆ ಬುದ್ಧಿಗೂ, ನಾಯಕತ್ವಕ್ಕೂ, ನಡತೆಗೂ ಒಳ್ಳೆಯ ಅಂಕವೇ ಬಿದ್ದಿರುತ್ತಿತ್ತು. ಒಂದು ಗುಣದ ಬೆಳಕು ಉಳಿದದ್ದರ ಮೇಲೆಲ್ಲ ಬಿದ್ದಿತ್ತು. ಅದಕ್ಕೂ ಮುಂಚೆ 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ಬೇರೆ ಬೇರೆ ಶಾಲೆಗಳಿಗೆ ಕಳಿಸಿದ್ದರು. 142 ಟೀಚರುಗಳು ತಿದ್ದಿದರು. ಅದೇ ಪತ್ರಿಕೆಗೆ ಒಬ್ಬರು 50 ಕೊಟ್ಟರೆ ಇನ್ನೊಬ್ಬರು 97 ಕೊಟ್ಟರು. ಭಾಷೆಯ ಪತ್ರಿಕೆ, ಹಾಗಾಗುತ್ತದೆ ಅಂದವರಿದ್ದರು. ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಂತರ ಇನ್ನೂ ಹೆಚ್ಚಾಯಿತು. ಗಣಿತದ ಮೇಡಂ ಹೇಳಿದ 288ರ ಕಥೆ ಅಲ್ಲೂ ನಡೆದಿರಬೇಕು.

ಇನ್ನು ಒಂದು ಗಂಟೆ ರಾತ್ರಿಗೆ ಬರೋಣ. ಆಗಲೂ ಒಂದು ಕೆಲಸ ಆಗುತ್ತಿತ್ತು. ಎಲ್ಲ ಪ್ರಶ್ನೆ ಬೇಡ, ಐದನೆಯದನ್ನು ಮಾತ್ರ 42ರಲ್ಲೂ ಮತ್ತೆ ನೋಡುವುದು. ಹೊಸ ಅಂಕವನ್ನು ಪತ್ರಿಕೆಯ ಮೇಲೆ ಬರೆಯದೆ ಬೇರೆ ಹಾಳೆಯಲ್ಲಿ ಬರೆಯಬೇಕು. ಹಳೆಯ ಅಂಕವನ್ನು ಹೆಬ್ಬೆರಳಿಂದ ಮುಚ್ಚಿಕೊಂಡೇ ಓದಬೇಕು, ಇಲ್ಲದಿದ್ದರೆ ಮೊದಲು ಕೊಟ್ಟದ್ದೇ ಸರಿ ಅಂತ ಮನಸ್ಸು ತನ್ನಷ್ಟಕ್ಕೆ ಸಾಕ್ಷಿ ಹುಡುಕುತ್ತದೆ.

ಗಣಿತದ ಮೇಡಂ:

ಮೇಷ್ಟ್ರ ಮಾತಿಗೆ ಒಂದು ತಕರಾರು. ಒಂದೇ ಪ್ರಶ್ನೆಯನ್ನು 42 ಸಲ ಓದಿದರೆ ಬೇಸರ ಬೇಗ ಬರುತ್ತದೆ. 25ನೆಯದರ ಹೊತ್ತಿಗೆ ನನಗೆ ಎಲ್ಲ ಉತ್ತರವೂ ಒಂದೇ ಥರ ಕಾಣಲು ಶುರುವಾಗುತ್ತದೆ. ಹಾಗಾಗಿ ನಾನು ಎರಡನೆಯ ಪ್ರಶ್ನೆಯನ್ನು ರಾಶಿಯ ಕೆಳಗಿನಿಂದ ತಿದ್ದುತ್ತೇನೆ. ಒಂದು ಪ್ರಶ್ನೆಯಲ್ಲಿ ಕೊನೆಗೆ ಸಿಕ್ಕ ಮಗು ಇನ್ನೊಂದರಲ್ಲಿ ಮೊದಲಿಗೆ ಸಿಗುತ್ತದೆ. ನನ್ನ ಬೇಸರ ಎಲ್ಲರಿಗೂ ಸಮನಾಗಿ ಹಂಚಿಹೋಗಲಿ ಅಂತ.

ಆದರೆ 36ರ ಅಂಕ ಇಳಿಸುವುದು ನನಗೆ ಕಷ್ಟ ಕಾಣುತ್ತದೆ. ನಾಲ್ಕರಿಂದ ಒಂದೂವರೆಗೆ! ತಪ್ಪು ಟೀಚರದ್ದು, ಬೆಲೆ ಮಗುವಿನದ್ದಾ? ಪತ್ರಿಕೆ ಇನ್ನೂ ಕೊಟ್ಟಿಲ್ಲ, ಸರಿ. ಕೊಟ್ಟಾಗಿದ್ದರೆ ನಾನಂತೂ ಇಳಿಸುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು:

ಕೊಟ್ಟಾದ ಮೇಲೆ ನಾನೂ ಇಳಿಸಿಲ್ಲ, ಒಮ್ಮೆಯೂ. ಆದರೆ ಮೇಜಿನ ಮೇಲೆ ಇರುವಾಗ ಇಳಿಸಲೇಬೇಕು. ಅಡಿಗೆರೆ ಹಾಕಿದ ಪದವನ್ನು ಬರೆದರೆ ನಾಲ್ಕು ಸಿಗುತ್ತದೆ ಅಂತ ಆ ಹುಡುಗಿ ಕಲಿತುಬಿಟ್ಟರೆ, ಮುಂದೆ ಯಾರಾದರೂ ಏಕೆ ಅಂತ ಕೇಳಿದಾಗ ಅವಳ ಹತ್ತಿರ ಉತ್ತರ ಇರುವುದಿಲ್ಲ. ಅವಳಿಗೆ ಗೊತ್ತಿದ್ದೂ ಬರೆದಿಲ್ಲವೋ, ಗೊತ್ತೇ ಇಲ್ಲವೋ, ಪತ್ರಿಕೆ ನೋಡಿ ಹೇಳಲಾಗದು. ಪಕ್ಕದಲ್ಲಿ "ಏಕೆ?" ಅಂತ ಬರೆದರೆ ಅವಳೇ ಬಂದು ಹೇಳುತ್ತಾಳೆ.

ಮನೆಪಾಠದಮ್ಮ:

ಮಗಳ ಹಳೆಯ ಪತ್ರಿಕೆಗಳನ್ನು ತೆಗೆದು ಕೂತಿದ್ದೇನೆ. ಒಂದು ಉತ್ತರ ನಿಮ್ಮ 36ರ ಥರಾನೇ ಇದೆ, ಪೂರ್ತಿ ಅಂಕ ಬಂದಿದೆ. ಕರೆದು ಏಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೆ ಬರೆದರೆ ಸರಿ ಕೊಡ್ತಾರಮ್ಮ" ಅಂದಳು. ಮೂರು ಅಂಕಕ್ಕೆ ಜಗಳಕ್ಕೆ ಹೋಗಿದ್ದೆ. ಇದನ್ನು ಯಾರ ಹತ್ತಿರ ಕೇಳಲಿ?

ಇರುಳುಬರಹ:

ಎರಡು ದಿನ ಕಥೆಯನ್ನು ಪಕ್ಕಕ್ಕಿಟ್ಟಿದ್ದೆ. ನೀವೆಲ್ಲ ಹೇಳಿದ್ದು ತಲೆಯಲ್ಲಿ ತಿರುಗುತ್ತಿತ್ತು. ಕಣ್ಣೀರು ತೆಗೆದೆ, ನಿದ್ದೆಯನ್ನೂ ತೆಗೆದೆ. ಎರಡನ್ನು ಹೊಡೆದು ನಾಲ್ಕು ಬರೆಯುವ ಜಾಗದಿಂದ ಮುಂದಕ್ಕೆ ಹೀಗೆ ಬದಲಿಸಿದ್ದೇನೆ.

*

ಕೆಂಪು ಪೆನ್ನು ಎರಡರ ಮೇಲೆ ಹೋಗಿ ನಿಂತಿತು. ವಿಮಲಾ ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ರಾಶಿ ಸರಿಸಿ ಲಕೋಟೆ ಹುಡುಕಿ ತೆಗೆದಳು. ಒಂದು ಖಾಲಿ ಹಾಳೆಯಲ್ಲಿ 1ರಿಂದ 42ರವರೆಗೆ ಬರೆದುಕೊಂಡಳು.

ಮೊದಲ ಪತ್ರಿಕೆಯ ಐದನೆಯ ಪ್ರಶ್ನೆ. ಹೆಬ್ಬೆರಳು ಹಳೆಯ ಅಂಕದ ಮೇಲೆ. ಲಕೋಟೆ ನೋಡಿದಳು, ಓದಿದಳು, ಹಾಳೆಯಲ್ಲಿ ಬರೆದಳು. ಎರಡನೆಯದು. ಮೂರನೆಯದು. 12ರಲ್ಲಿ ಹುಡುಗಿಯ ಉತ್ತರವೇ ಇತ್ತು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ಅಡಿಗೆರೆಯೊಂದಿರಲಿಲ್ಲ. ಒಂದೂವರೆ ಎಂದು ಬರೆದು ಹೆಬ್ಬೆರಳು ತೆಗೆದಳು. ಕೆಳಗೆಯೂ ಒಂದೂವರೆಯೇ ಇತ್ತು.

36 ಬಂದಾಗ ತುಸು ಹೊತ್ತು ಹಾಗೇ ಕೂತಳು. ಈ ಹುಡುಗಿಗೆ ಗೊತ್ತಿರುತ್ತದೆ ಎಂದು ಮನಸ್ಸು ಹೇಳಿತು. 12ನೆಯ ಹುಡುಗನಿಗೂ ಗೊತ್ತಿರಬಹುದು ಎಂದು ತಾನು ಯೋಚಿಸಿರಲೇ ಇಲ್ಲವಲ್ಲ. ಹಾಳೆಯಲ್ಲಿ ಒಂದೂವರೆ ಬರೆದಳು. ಪತ್ರಿಕೆಯಲ್ಲಿ ನಾಲ್ಕನ್ನು ಹೊಡೆದು, ತಿದ್ದಿದ್ದಕ್ಕೆ ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಅಂಚಿನಲ್ಲಿ "ಏಕೆ?" ಎಂದಳು.

37ರ ಉತ್ತರವನ್ನು ಕೊನೆಗೆ ಗಟ್ಟಿಯಾಗಿ ಓದಿದಳು, ಯಾರೂ ಇಲ್ಲದ ಕೋಣೆಯಲ್ಲಿ. ಕೇಳುವಾಗ ಅಕ್ಷರ ಕಾಣುತ್ತಿರಲಿಲ್ಲ. "ನೀರು ಹೋಗಕ್ಕೆ ಜಾಗ ಆಗುತ್ತೆ." ಪಾಠದಲ್ಲಿ ತಾನು ಹೀಗೆ ಹೇಳಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಇದನ್ನು ಅವನೇ ಯೋಚಿಸಿದ್ದ.

ಎರಡು ಗಂಟೆ ಆಗಿತ್ತು. ಆರನೆಯ ಪ್ರಶ್ನೆಯೂ ಹಾಗೇ ಇತ್ತು, ಏಳನೆಯದೂ. ಕೊನೆಯ ಐದು ಮಕ್ಕಳ ಉಳಿದ ಉತ್ತರಗಳನ್ನು ಅವಳು ಇನ್ನೂ ಮುಟ್ಟಿರಲೇ ಇಲ್ಲ.

*

ಸಾಲುಗಳ ನಡುವೆ:

ಗಟ್ಟಿಯಾಗಿ ಓದುವ ಜಾಗ! ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನಿಮ್ಮದೇ. 37ಕ್ಕೆ ಎಷ್ಟು ಕೊಟ್ಟಳು ಅಂತ ಹೇಳದೆ ಬಿಟ್ಟದ್ದು ಬೇಕೆಂದೇ?

ಇರುಳುಬರಹ:

ಹೌದು, ಬೇಕೆಂದೇ. ನನಗೇ ತೀರ್ಮಾನಕ್ಕೆ ಬರಲಾಗಲಿಲ್ಲ. ಲಕೋಟೆಯ ಮೊದಲ ಮಾತು, ನೀರು ಆವಿಯಾಗುತ್ತದೆ ಅನ್ನುವುದನ್ನು ಅವನು ನೇರವಾಗಿ ಹೇಳಿಲ್ಲ. "ನೀರಿನ ಆವಿ" ಅಂದಿದ್ದಾನೆ, "ನೀರು ಹೋಗುತ್ತೆ" ಅಂದಿದ್ದಾನೆ. ಅದಕ್ಕೆ ಅರ್ಧವೋ ಒಂದೋ?

ಗಣಿತದ ಮೇಡಂ:

ಅರ್ಧ. ಪದ ಕಲಿಸುವುದೂ ನಮ್ಮ ಕೆಲಸವೇ. ಮೂರೂವರೆ.

ನಿವೃತ್ತ ಮೇಷ್ಟ್ರು:

ಒಂದು. ಆವಿ ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಅವನು ಮುಂದಿನ ಎರಡು ವಾಕ್ಯ ಬರೆಯಲಾರ. ಲಕೋಟೆಯಲ್ಲಿ "ಆವಿಯಾಗುತ್ತದೆ ಎಂಬ ಅರ್ಥ ಬಂದರೆ ಸಾಕು" ಅಂತ ಒಂದು ಸಾಲು ಒಂಬತ್ತು ಗಂಟೆಗೇ ಬರೆದಿಟ್ಟುಕೊಂಡಿದ್ದರೆ ಈ ಜಗಳ ಇರುತ್ತಿರಲಿಲ್ಲ. ಬರೆದಿಟ್ಟಿಲ್ಲವಾದ್ದರಿಂದ ಮೇಡಂ ಹೇಳುವುದನ್ನು ತಪ್ಪು ಅನ್ನಲಾರೆ. ಯಾವುದನ್ನೇ ಹಿಡಿದರೂ 42 ಮಕ್ಕಳಿಗೂ ಅದನ್ನೇ ಹಿಡಿಯಬೇಕು, ಅಷ್ಟೆ.

ಹಿಂದಿನ ಬೆಂಚು:

ಮೂರೂವರೆ ಆದರೂ ಸರಿ. ಗಟ್ಟಿಯಾಗಿ ಓದಿದರಲ್ಲ.

ಇರುಳುಬರಹ:

ಈಗಷ್ಟೇ ಅಕ್ಕನಿಗೆ ಪೂರ್ತಿ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಎದ್ದು ಹೋಗಿ ನಿನ್ನೆ ಕಟ್ಟಿಟ್ಟ ಬಂಡಲಿನ ದಾರ ಬಿಚ್ಚುತ್ತಿದ್ದಾಳೆ.